ಫೋನ್ ಯಾವ ಮೈಕಿಗೆ ಕಿವಿಗೊಟ್ಟಿದೆ?

ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದ ವಿಡಿಯೊದಲ್ಲಿ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳಿದರೆ ಸಾಮಾನ್ಯವಾಗಿ ಬೈಗುಳ ತಿನ್ನುವುದು ಮೈಕ್. ಆದರೆ ಬಹಳ ಸಲ ಆ ಮೈಕ್ ಕೆಲಸವನ್ನೇ ಮಾಡಿರುವುದಿಲ್ಲ. ಅದನ್ನು ಗುರುತಿಸದ ಫೋನ್ ಸದ್ದಿಲ್ಲದೆ ತನ್ನದೇ ಮೈಕಿನಿಂದ ಎಲ್ಲವನ್ನೂ ದಾಖಲಿಸಿಕೊಂಡಿರುತ್ತದೆ. ಪರದೆಯ ಮೇಲೆ ಎಚ್ಚರಿಕೆಯಿಲ್ಲ, ದೋಷದ ಸಂದೇಶವೂ ಇಲ್ಲ. ಜಾಕ್, ಯುಎಸ್‌ಬಿ-ಸಿ, ವೈರ್‌ಲೆಸ್ ರಿಸೀವರ್ ಈ ಮೂರರಲ್ಲೂ ಹೀಗಾಗಬಹುದು, ಕಾರಣ ಮಾತ್ರ ಬೇರೆ ಬೇರೆ.

ಮೈಕ್ ಬಾಯಿಯ ಹತ್ತಿರ ಇರಬೇಕು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ, ಟೈಲ್ಸ್ ನೆಲ, ಬರಿಯ ಗೋಡೆ, ಮೇಲೆ ಆರ್‌ಸಿಸಿ ಛಾವಣಿ ಎಂದಿಟ್ಟುಕೊಳ್ಳಿ. ಇಂಥ ಕಡೆ ಸದ್ದು ಪೂರ್ತಿ ಅಡಗಲು ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಬಾಯಿಂದ ಸುಮಾರು 33 ಸೆಂಟಿಮೀಟರ್ ದೂರದಲ್ಲಿ ನೇರವಾಗಿ ಬಂದ ಧ್ವನಿಯೂ ಗೋಡೆಗಳಿಗೆ ಬಡಿದು ಬಂದ ಅನುರಣನವೂ ಸಮನಾಗುತ್ತವೆ. ಟ್ರೈಪಾಡ್ ಮೇಲಿನ ಫೋನ್ ಒಂದೂವರೆ ಮೀಟರ್ ದೂರದಲ್ಲಿದ್ದರೆ ಅದಕ್ಕೆ ತಲುಪುವ ಅನುರಣನದ ಶಕ್ತಿ ನೇರ ಧ್ವನಿಯ ಇಪ್ಪತ್ತು ಪಟ್ಟು. ಬಾವಿಯ ದನಿ ಎಂದರೆ ಇದೇ. ಅದೇ ಮೈಕನ್ನು ಗಲ್ಲದಿಂದ 20 ಸೆಂಟಿಮೀಟರ್ ಕೆಳಗೆ, ಎದೆಯ ಮೇಲೆ ಸಿಕ್ಕಿಸಿದರೆ ಲೆಕ್ಕ ತಿರುಗಿ, ನೇರ ಧ್ವನಿಯೇ ಅನುರಣನದ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮಾತಿನ ಮಟ್ಟ ಸುಮಾರು 17 ಡೆಸಿಬೆಲ್ ಏರುತ್ತದೆ, ಫ್ಯಾನಿನ ಸದ್ದು ಇದ್ದಲ್ಲೇ ಇರುತ್ತದೆ. ಐನೂರು ರೂಪಾಯಿಯ ಮೈಕ್ ಹತ್ತಿರವಿದ್ದರೆ ಐದು ಸಾವಿರದ್ದು ದೂರವಿದ್ದಾಗ ಸೋಲುವುದು ಇದಕ್ಕೇ. ಆ್ಯಪ್‌ಗಳು ಫ್ಯಾನಿನ ಸದ್ದನ್ನು ಒಂದಿಷ್ಟು ತೆಗೆಯಬಲ್ಲವು. ಅನುರಣನ ಹಾಗಲ್ಲ, ಅದೂ ನಿಮ್ಮದೇ ಧ್ವನಿ. ತೆಗೆಯಹೊರಟರೆ ಮಾತೂ ಸವೆಯುತ್ತದೆ.

ಈಗ ಜಾಕ್. ಫೋನಿನ 3.5 ಮಿಲಿಮೀಟರ್ ತೂತಿಗೆ ಹೋಗುವ ಪಿನ್ನಿನ ಮೇಲೆ ಕಪ್ಪು ಗೆರೆಗಳೆಷ್ಟಿವೆ ಎಂದು ಮೊದಲು ಎಣಿಸಿ. ಮೂರು ಗೆರೆಯಿದ್ದರೆ ನಾಲ್ಕು ಭಾಗ, ಅದು ಟಿಆರ್‌ಆರ್‌ಎಸ್. ಎರಡೇ ಗೆರೆಯಿದ್ದರೆ ಮೂರು ಭಾಗ, ಟಿಆರ್‌ಎಸ್. ಇಂದಿನ ಫೋನ್‌ಗಳಲ್ಲಿ ಪಿನ್ನಿನ ತುದಿ ಎಡ ಕಿವಿಗೆ, ಮುಂದಿನ ಉಂಗುರ ಬಲ ಕಿವಿಗೆ, ಅದರ ಮುಂದಿನದು ಗ್ರೌಂಡ್, ಬುಡದ ಭಾಗ ಮೈಕಿಗೆ. ಕ್ಯಾಮೆರಾಕ್ಕೆಂದು ಮಾಡಿದ ಮೈಕಿನ ಪಿನ್ ಮೂರು ಭಾಗದ್ದು. ಅದರಲ್ಲಿ ಮೈಕಿನ ಸಂಕೇತ ಬರುವುದು ತುದಿಯಿಂದ, ಬುಡವೆಲ್ಲ ಗ್ರೌಂಡ್. ಅದನ್ನು ಫೋನಿಗೆ ಚುಚ್ಚಿದಾಗ ಸಂಕೇತ ಹೋಗಿ ಫೋನಿನ ಎಡ ಕಿವಿಯ ತಂತಿಗೆ ತಾಗುತ್ತದೆ. ಉದ್ದನೆಯ ಬುಡ ಫೋನಿನ ಮೈಕ್ ಸಂಪರ್ಕವನ್ನೂ ಗ್ರೌಂಡನ್ನೂ ಒಟ್ಟಿಗೆ ಮುಟ್ಟಿ ಶಾರ್ಟ್ ಮಾಡುತ್ತದೆ.

ಫೋನ್ ಆ ಸಂಪರ್ಕದಲ್ಲಿ ಸುಮಾರು ಎರಡು ವೋಲ್ಟ್‌ನ ಸಣ್ಣ ವಿದ್ಯುತ್ ಹರಿಸಿ, ಎದುರಿಗಿರುವ ರೋಧ ಎಷ್ಟೆಂದು ನೋಡುತ್ತದೆ. ಆಂಡ್ರಾಯ್ಡ್ ಹೆಡ್‌ಸೆಟ್‌ಗಳ ನಿಯಮದ ಪ್ರಕಾರ ಸಾವಿರ ಓಮ್ ಅಥವಾ ಹೆಚ್ಚಿದ್ದರೆ ಅದು ಮೈಕ್. ಪಿನ್ ಚುಚ್ಚುವಾಗಲೇ ಸೊನ್ನೆ ಕಂಡರೆ ಫೋನ್ ಇದು ಮೈಕಿಲ್ಲದ ಬರಿ ಹೆಡ್‌ಫೋನ್ ಎಂದು ತೀರ್ಮಾನಿಸಿ, ರೆಕಾರ್ಡಿಂಗನ್ನು ಒಳಗಿನ ಮೈಕಿಗೇ ಬಿಡುತ್ತದೆ. ಹೆಡ್‌ಫೋನ್ ಚಿತ್ರ ಪರದೆಯ ಮೇಲೆ ಮೂಡುವುದರಿಂದ ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಆ ಚಿತ್ರಕ್ಕೆ ಬಾಯಿಯ ಬಳಿ ಬಾಗಿದ ಮೈಕ್ ಕಡ್ಡಿ ಇದೆಯೇ ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ. ದಪ್ಪ ಬ್ಯಾಕ್ ಕವರ್ ಅಡ್ಡ ಬಂದು ಪಿನ್ ಒಂದು ಮಿಲಿಮೀಟರ್ ಹೊರಗೇ ಉಳಿದರೂ ಇದೇ ಗತಿ, ಕವರ್ ಕಳಚಿ ಒತ್ತಬೇಕು.

ಕ್ಯಾಮೆರಾ ಮೈಕೇ ಕೈಯಲ್ಲಿದ್ದರೆ ಟಿಆರ್‌ಎಸ್‌ನಿಂದ ಟಿಆರ್‌ಆರ್‌ಎಸ್‌ಗೆ ಬದಲಿಸುವ ಸಣ್ಣ ಅಡಾಪ್ಟರ್, ಇಲ್ಲವೇ ಮೈಕಿಗೊಂದು ಹೆಡ್‌ಫೋನಿಗೊಂದು ತೂತಿರುವ ವೈ ಕೇಬಲ್ ಸಾಕು. ಕೊಳ್ಳುವಾಗ ಹೆಡ್‌ಫೋನ್ ಇಬ್ಬರಿಗೆ ಹಂಚುವ ವೈ ಕೇಬಲ್ ತರಬೇಡಿ. ನೋಡಲು ಎರಡೂ ಒಂದೇ, ಆದರೆ ಅದರಲ್ಲಿ ಮೈಕಿನ ಚಿಹ್ನೆ ಇರುವುದಿಲ್ಲ. ಕೆಲವು ಕಾಲರ್ ಮೈಕ್‌ಗಳ ತಂತಿಯ ನಡುವೆ ಕ್ಯಾಮೆರಾ, ಸ್ಮಾರ್ಟ್‌ಫೋನ್ ಎಂದು ಬರೆದ ಸ್ವಿಚ್ ಇರುವ ಡಬ್ಬಿ ಇರುತ್ತದೆ. ಒಳಗಿನ ಗುಂಡಿ ಸೆಲ್ ಬೇಕಾಗುವುದು ಕ್ಯಾಮೆರಾಕ್ಕೆ. ಫೋನಿಗೆ ಹಾಕಿದಾಗ ಸ್ವಿಚ್ ಸ್ಮಾರ್ಟ್‌ಫೋನ್ ಕಡೆಗಿರಲಿ. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕನ್ನು ಬರಿ ಕನ್ವರ್ಟರ್ ಪಿನ್ ಹಾಕಿ ಫೋನಿಗೆ ಜೋಡಿಸಿದರೆ ಇನ್ನೂ ವಿಚಿತ್ರ. ಅದರ ಸುರುಳಿಯ ರೋಧ ಕೆಲವು ನೂರು ಓಮ್ ಮಾತ್ರ. ಹೆಡ್‌ಸೆಟ್‌ನ ವಾಲ್ಯೂಮ್ ಗುಂಡಿಗಳ ರೋಧ 240 ಮತ್ತು 470 ಓಮ್. ಹೀಗಾಗಿ ಯಾರೋ ಗುಂಡಿ ಒತ್ತಿ ಹಿಡಿದಿದ್ದಾರೆಂದು ಫೋನ್ ಭಾವಿಸಿ, ವಾಲ್ಯೂಮ್ ಪಟ್ಟಿ ತಾನಾಗಿಯೇ ಏರಿಳಿಯಬಹುದು.

ಜಾಕ್ ಮೈಕಿಗೆ ಇನ್ನೊಂದು ಕಾಟ ಚಾರ್ಜರಿನದು. ಮೈಕ್ ಕೊಡುವ ಸಂಕೇತ ಕೆಲವೇ ಮಿಲಿವೋಲ್ಟ್. ಎರಡು ಪಿನ್ನಿನ ಚಾರ್ಜರಿನಿಂದ ಸೋರಿ ಬರುವ ಅಲ್ಪ ವಿದ್ಯುತ್ತೂ ಅದರಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದಾಗಿ ಸೇರುತ್ತದೆ. ಚಾರ್ಜರ್ ಕಿತ್ತೊಡನೆ ಅದು ನಿಂತರೆ ಮೈಕಿನ ತಪ್ಪಿಲ್ಲ. ನಡುನಡುವೆ ಟರ್ ಟರ್ ಎಂದು ಗುರುಗುಡುವುದು ಬೇರೆ. 2ಜಿ ಸಂಪರ್ಕದಲ್ಲಿ ಫೋನಿನ ರೇಡಿಯೊ ಸೆಕೆಂಡಿಗೆ 217 ಸಲ ಚಿಮ್ಮುತ್ತದೆ, ಮೈಕಿನ ತಂತಿ ಅದಕ್ಕೆ ಆ್ಯಂಟೆನಾ ಆಗುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಮುಗಿಯಿತು, ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದೂ ತಪ್ಪುತ್ತದೆ.

ಯುಎಸ್‌ಬಿ-ಸಿ ಮೈಕಿಗೆ ಈ ಗೋಳು ಕಡಿಮೆ. ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಚಿಪ್ ಮೈಕಿನಲ್ಲೇ ಇರುವುದರಿಂದ ತಂತಿಯಲ್ಲಿ ಹರಿಯುವುದು ಮಿಲಿವೋಲ್ಟ್ ಸಂಕೇತವಲ್ಲ, ಡೇಟಾ. ತೊಡಕು ಬರುವುದು ಜಾಕ್ ಮೈಕನ್ನು ಯುಎಸ್‌ಬಿ-ಸಿ ಕನ್ವರ್ಟರ್ ಮೂಲಕ ಜೋಡಿಸುವಾಗ. ಅಂಗಡಿಯಲ್ಲಿ ಸಿಗುವ ಕನ್ವರ್ಟರುಗಳಲ್ಲಿ ಎರಡು ಜಾತಿ. ಒಂದರೊಳಗೆ ಚಿಪ್ ಇರುತ್ತದೆ. ಇನ್ನೊಂದು ಬರಿ ತಂತಿ, ಫೋನೇ ತನ್ನ ಯುಎಸ್‌ಬಿ ತೂತಿನಿಂದ ಅನಲಾಗ್ ಧ್ವನಿಯನ್ನು ಕೊಟ್ಟು ತೆಗೆದುಕೊಳ್ಳಬೇಕು. ಆ ಸೌಲಭ್ಯವಿಲ್ಲದ ಫೋನಿಗೆ ಎರಡನೆಯದನ್ನು ಚುಚ್ಚಿದರೆ ಏನೂ ನಡೆಯುವುದಿಲ್ಲ. ಚಿಪ್ ಇದ್ದರೂ ಕೆಲವು ಹಾಡು ಕೇಳಲಷ್ಟೇ ಬರುತ್ತವೆ, ಮೈಕಿನ ದಾರಿಯೇ ಇರುವುದಿಲ್ಲ. ಡಿಎಸಿ ಎಂದರೆ ಅಂಕಿಗಳನ್ನು ಧ್ವನಿಯಾಗಿಸುವ ಚಿಪ್ ಅಷ್ಟೇ. ಹಾಗಾಗಿ ಡಬ್ಬಿಯ ಮೇಲೆ ಅದೊಂದೇ ಇದ್ದರೆ ಸಾಲದು, ಮೈಕಿಗೂ ಆಗುತ್ತದೆ ಎಂದು ಬರೆದಿರಬೇಕು. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಆನ್ ಮಾಡದೆ ಯುಎಸ್‌ಬಿ ಮೈಕಿಗೆ ಕರೆಂಟೇ ಸಿಗುವುದಿಲ್ಲ. ಹತ್ತು ನಿಮಿಷ ಬಳಸದಿದ್ದರೆ ಅದು ತಾನೇ ಆಫ್ ಆಗುವುದೂ ಉಂಟು. ಬೆಳಿಗ್ಗೆ ಸರಿಯಿದ್ದ ಮೈಕ್ ಮಧ್ಯಾಹ್ನ ಸತ್ತಂತೆ ಕಂಡರೆ ಮೊದಲು ಅಲ್ಲಿ ನೋಡಿ.

ಫೋನ್ ಮೈಕನ್ನು ಗುರುತಿಸಿದರೂ ಕ್ಯಾಮೆರಾ ಆ್ಯಪ್ ಅದನ್ನು ಬಳಸುತ್ತದೆಂಬ ಖಾತ್ರಿಯಿಲ್ಲ. ವಾಯ್ಸ್ ರೆಕಾರ್ಡರ್‌ನಲ್ಲಿ ಬಂದ ಧ್ವನಿ ಫೋನಿನದೇ ಕ್ಯಾಮೆರಾದಲ್ಲಿ ಬಾರದಿರಬಹುದು. ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುವ Open Camera ಆ್ಯಪ್‌ನ ವಿಡಿಯೊ ಸೆಟ್ಟಿಂಗ್‌ಗಳಲ್ಲಿ Audio source ಎಂಬ ಸಾಲಿದೆ. ಅದರಲ್ಲಿ External mic (if present) ಆರಿಸಬಹುದು. ಕೊನೆಯ ಎರಡು ಪದಗಳನ್ನು ಗಮನಿಸಿ: ಮೈಕ್ ಕಾಣದಿದ್ದರೆ ಈ ಆ್ಯಪ್ ಕೂಡ ಸುಮ್ಮನೆ ಒಳಗಿನದಕ್ಕೇ ಹೋಗುತ್ತದೆ.

ವೈರ್‌ಲೆಸ್ ಮೈಕಿನ ರಿಸೀವರನ್ನು ಯುಎಸ್‌ಬಿ-ಸಿ ತೂತಿಗೆ ಚುಚ್ಚಿದಾಗ ಫೋನಿನ ಪಾಲಿಗೆ ಅದೂ ಯುಎಸ್‌ಬಿ ಮೈಕೇ. ಮೇಲೆ ಹೇಳಿದ ಒಟಿಜಿ, ಆ್ಯಪ್ ಎರಡೂ ಇಲ್ಲಿಗೂ ಅನ್ವಯಿಸುತ್ತವೆ. ಜೊತೆಗೆ ಗಾಳಿಯಲ್ಲಿನ ದಾರಿಯೊಂದು ಸೇರುತ್ತದೆ. ಇವುಗಳಲ್ಲಿ ಹೆಚ್ಚಿನವು ವೈಫೈ ಓಡಾಡುವ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಆ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ದೇಹದ ಬಹುಪಾಲು ನೀರೇ. ಡಬ್ಬಿಯ ಮೇಲೆ ನೂರು ಮೀಟರ್ ಎಂದಿದ್ದರೆ ಅದು ಬಯಲಿನಲ್ಲಿ, ಎದುರುಬದುರು ನಿಂತಾಗ. ಎದೆಯ ಮೇಲೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಅವರ ಬೆನ್ನೇ ಗೋಡೆಯಾಗಿ, ತುಂಬಿದ ತರಗತಿಯಲ್ಲಿ ಹತ್ತು ಮೀಟರಿಗೂ ಮಾತು ತುಂಡಾಗಬಹುದು. ಫೋನನ್ನು ಮಕ್ಕಳ ತಲೆಗಿಂತ ಮೇಲಕ್ಕೆ, ಬೋರ್ಡಿನ ಪಕ್ಕದ ಗೋಡೆಯತ್ತ ಸರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಏರೋಪ್ಲೇನ್ ಮೋಡ್ ಇಲ್ಲೂ ಒಳ್ಳೆಯದೇ. ರಿಸೀವರಿನ ರೇಡಿಯೊ ಅದರೊಳಗೇ ಇರುವುದರಿಂದ ಅದಕ್ಕೇನೂ ಆಗುವುದಿಲ್ಲ.

ರಿಸೀವರ್ ಇಲ್ಲದೆ ಬ್ಲೂಟೂತ್ ಇಯರ್‌ಫೋನಿನ ಮೈಕಿನಲ್ಲೇ ಮುಗಿಸೋಣ ಎನ್ನುವುದು ಬೇರೆ ಮಾತು. ಕರೆಗಾಗಿ ಇರುವ ಸಾಮಾನ್ಯ ಬ್ಲೂಟೂತ್ ದಾರಿ ಧ್ವನಿಯನ್ನು ಸೆಕೆಂಡಿಗೆ ಎಂಟು ಸಾವಿರ ಅಥವಾ ಹದಿನಾರು ಸಾವಿರ ಸಲ ಮಾತ್ರ ಅಳೆಯುತ್ತದೆ. ಎಂಟು ಸಾವಿರದಲ್ಲಿ 4 ಕಿಲೋಹರ್ಟ್ಸ್ ಮೇಲಿನದೆಲ್ಲ ಹೋಗುತ್ತದೆ, ‘ಸ’ಕಾರದ ಹೆಚ್ಚಿನ ಶಕ್ತಿ ಇರುವುದು ಅದರ ಮೇಲೆಯೇ. ಕರೆಗೆ ನಡೆದೀತು, ಪಾಠಕ್ಕೆ ಬೇಡ. ರಿಸೀವರ್ ಇರುವ ಮೈಕ್‌ಗಳು ಸಾಮಾನ್ಯವಾಗಿ 48 ಸಾವಿರ ಸಲ ಅಳೆಯುತ್ತವೆ.

ಸಿಕ್ಕಿಸುವುದರಲ್ಲೂ ಒಂದೆರಡು ವಿಷಯ. ಗಂಜಿ ಹಾಕಿದ ಖಾದಿ, ಗರಿಗರಿ ರೇಷ್ಮೆ ಮೈಕಿಗೆ ಉಜ್ಜಿದರೆ ಬರುವ ಸರಸರ ಸದ್ದನ್ನು ಆಮೇಲೆ ತೆಗೆಯಲಾಗದು. ಸೆರಗಿಗೆ ಸಿಕ್ಕಿಸಿದ ಮೈಕ್ ಸೆರಗಿನೊಂದಿಗೇ ಜಾರುತ್ತದೆ, ಪಿನ್ ಹಾಕಿ ಬಿಗಿ ಮಾಡಿದ ಕಡೆಯೇ ಸಿಕ್ಕಿಸಬೇಕು. ತಾಳಿ, ಸರ, ಗುರುತಿನ ಚೀಟಿಯ ದಾರ ತಗಲದಂತೆ ಒಂದು ಪಕ್ಕಕ್ಕೆ ಇಡಿ. ಮಟ್ಟ ತೋರಿಸುವ ಪಟ್ಟಿ ಆ್ಯಪ್‌ನಲ್ಲಿದ್ದರೆ ಗಟ್ಟಿ ಮಾತಿಗೆ ಅದು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಗೇನ್ ಹೊಂದಿಸಿ. ಸೊನ್ನೆ ಮುಟ್ಟಿ ಒಡೆದ ಧ್ವನಿಗೆ ಮದ್ದಿಲ್ಲ.

ಪರೀಕ್ಷೆಗೆ ಚಪ್ಪಾಳೆ ತಟ್ಟುವುದು, ಹಲೋ ಹಲೋ ಎನ್ನುವುದು ಉಪಯೋಗವಿಲ್ಲ, ಎರಡೂ ಮೈಕ್‌ಗಳಿಗೆ ಅದು ಕೇಳಿಸುತ್ತದೆ. ಬಳಸುವ ಆ್ಯಪ್‌ನಲ್ಲೇ ರೆಕಾರ್ಡ್ ಒತ್ತಿ, ಕಾಲರ್ ಮೈಕಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ಕೆಳತುದಿಯ ಸಣ್ಣ ತೂತಿನ ಬಳಿಯೂ ಕೆರೆಯಿರಿ. ಯಾವ ಕೆರೆತ ಕಿವಿಗೆ ರಾಚುವಂತೆ ಬಂದಿದೆಯೋ ಫೋನ್ ಕೇಳುತ್ತಿರುವುದು ಆ ಮೈಕಿನಿಂದ. ಹಾಕಿ ಕೇಳುವಾಗ ಸದ್ದೇ ಬರದಿದ್ದರೆ ಗಾಬರಿ ಬೇಡ. ಹಲವು ರಿಸೀವರುಗಳನ್ನು ಫೋನ್ ಹೆಡ್‌ಸೆಟ್ ಎಂದುಕೊಂಡು ಧ್ವನಿಯನ್ನು ಸ್ಪೀಕರಿಗೆ ಬಿಡದೆ ಅವಕ್ಕೇ ಕಳಿಸುತ್ತದೆ. ಕಿತ್ತು ಕೇಳಿ, ಮತ್ತೆ ಚುಚ್ಚಿ, ಆ್ಯಪ್ ಪೂರ್ತಿ ಮುಚ್ಚಿ ತೆರೆದು, ಇನ್ನೊಮ್ಮೆ ಕೆರೆದ ಮೇಲೆ ಪಾಠ ಶುರು ಮಾಡಬಹುದು.