ಬೂಮರಾಂಗ್ ವಾಪಸ್ ಬರೋದು ಹೇಗೆ: ಗಿರಕಿ, ಪ್ರಿಸೆಷನ್, ಮತ್ತೆ ಮರದೊಳಗೇ ಬರೆದಿರೋ ವೃತ್ತ

ಈ ಟಾಪಿಕ್ ಓದುವಾಗ ನನ್ನ ತಲೇಲಿ ತುಂಬಾ ದಿನ ಒಂದು ತಪ್ಪು ಕಲ್ಪನೆ ಕೂತಿತ್ತು, ಜೋರಾಗಿ ಎಸೆದ್ರೆ ದೂರ ಹೋಗಿ ದೊಡ್ಡ ಸುತ್ತು ಹಾಕಿ ಬರುತ್ತೆ, ಮೆತ್ತಗೆ ಎಸೆದ್ರೆ ಹತ್ತಿರದಲ್ಲೇ ತಿರುಗುತ್ತೆ ಅಂತ. ಲೆಕ್ಕ ಮಾಡಿ ನೋಡಿದ್ರೆ ಹಾಗಲ್ಲ. ಸುತ್ತಿನ ಅಳತೆ ನಮ್ಮ ಕೈಯಲ್ಲಿಲ್ಲ, ಬೂಮರಾಂಗಿನ ಮರದಲ್ಲೇ ಇದೆ. ಅದು ಯಾಕೆ ಅನ್ನೋದನ್ನೇ ಇಲ್ಲಿ ಬಿಡಿಸಿ ಬರೀತೀನಿ. ಇಡೀ ಟಿಪ್ಪಣಿ ಬಲಗೈಯವರ ಬೂಮರಾಂಗ್ ಬಗ್ಗೆ, ದಿಕ್ಕುಗಳೆಲ್ಲ ಎಸೆಯೋನ ಕಣ್ಣಿಂದ ನೋಡಿದ ಹಾಗೆ.

ಮೊದ್ಲು ಎಸೆಯೋ ರೀತಿ ಸರಿಯಾಗಿ ಕಲ್ಪಿಸ್ಕೊಳ್ಳಿ, ಇಲ್ಲಾಂದ್ರೆ ಮುಂದಿನದು ಯಾವುದೂ ಕೂರಲ್ಲ. ಬೂಮರಾಂಗನ್ನ ತಟ್ಟೆ ಥರ ಅಡ್ಡ ಎಸೆಯೋದಲ್ಲ, ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಿ ಎಸೀತಾರೆ. ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬಿರುತ್ತೆ, ಉಬ್ಬಿದ ಮುಖ ನಿಮ್ಮ ತಲೆ ಕಡೆಗೆ, ಅಂದ್ರೆ ಎಡಕ್ಕೆ ಇರಬೇಕು. ತುದಿ ಸ್ವಲ್ಪ ಹೊರಗಡೆ ವಾಲಿರುತ್ತೆ, ಸುಮಾರು 15 ಡಿಗ್ರಿ. ಕೈಬಿಡೋವಾಗ ಮಣಿಕಟ್ಟಲ್ಲಿ ಒಂದು ಝಾಡಿಸಿದ್ರೆ ಅದು ಮುಂದಕ್ಕೂ ಹೋಗುತ್ತೆ, ಜೊತೆಗೆ ಉರುಳೋ ಚಕ್ರದ ಥರ ಮೇಲ್ಭಾಗ ಮುಂದಕ್ಕೆ ಬರೋ ಹಾಗೆ ಗಿರಕಿನೂ ಹೊಡೆಯುತ್ತೆ. ಪ್ರತಿ ತೋಳೂ ಒಂದು ಚಿಕ್ಕ ವಿಮಾನದ ರೆಕ್ಕೆ, ಹಾಗಾಗಿ ಗಾಳಿ ಸೀಳ್ಕೊಂಡು ಹೋಗುವಾಗ ಉಬ್ಬಿದ ಮುಖದ ಕಡೆಗೆ ಲಿಫ್ಟ್ ಹುಟ್ಟುತ್ತೆ. ವಿಮಾನದ್ದು ಮೇಲಕ್ಕೆ, ಇದರದ್ದು ಎಡಕ್ಕೆ, ಅಷ್ಟೇ ವ್ಯತ್ಯಾಸ.

ಈಗ ಅಸಲಿ ವಿಷಯ. ಬೂಮರಾಂಗಿನ ನಡುಭಾಗ ಸೆಕೆಂಡಿಗೆ 20 ಮೀಟರ್ ಮುಂದಕ್ಕೆ ಹೋಗ್ತಿದೆ ಅಂದ್ಕೊಳ್ಳಿ, ಗಂಟೆಗೆ 72 ಕಿಲೋಮೀಟರ್. ತೋಳು 30 ಸೆಂಟಿಮೀಟರ್, ಗಿರಕಿ ಸೆಕೆಂಡಿಗೆ 13 ಸುತ್ತು, ಹಾಗಾದ್ರೆ ತೋಳಿನ ತುದಿ ನಡುಭಾಗದ ಲೆಕ್ಕದಲ್ಲಿ ಸುಮಾರು 24.5 ಮೀಟರ್ ವೇಗದಲ್ಲಿ ಸುತ್ತುತ್ತೆ. ಮೇಲಿರೋ ತುದಿಗೆ ಎರಡೂ ವೇಗ ಕೂಡುತ್ತೆ, 44.5. ಕೆಳಗಿರೋ ತುದಿ ಹಿಂದಕ್ಕೆ ಹೋಗ್ತಿರೋದ್ರಿಂದ ಒಂದರಲ್ಲಿ ಇನ್ನೊಂದು ಕಳೀಬೇಕು, ಉಳಿಯೋದು ಬರೀ 4.5. ಲಿಫ್ಟ್ ವೇಗದ ವರ್ಗದ ಮೇಲೆ ನಿಂತಿದೆ ಅಲ್ವಾ, ಅಂದ್ರೆ ಮೇಲಿನ ತುದಿ ಕೆಳಗಿನದಕ್ಕಿಂತ ಹತ್ತಿರಹತ್ತಿರ 98 ಪಟ್ಟು ಜೋರಾಗಿ ಎಡಕ್ಕೆ ತಳ್ತಿದೆ! ನಾನಿದನ್ನ ಎರಡು ಸಲ ಲೆಕ್ಕ ಮಾಡಿದೆ, ನಂಬಿಕೆ ಬರಲಿಲ್ಲ.

ಇಷ್ಟು ಅಸಮ ತಳ್ಳಾಟ ಇದ್ರೆ ಬೂಮರಾಂಗ್ ಎಡಕ್ಕೆ ಮಗುಚಿ ಬೀಳಬೇಕಿತ್ತು. ಗಿರಕಿ ಇಲ್ದೇ ಇದ್ರೆ ಹಾಗೇ ಆಗೋದು. ಗಿರಕಿ ಇರೋದ್ರಿಂದ ಇದು ಗೈರೋಸ್ಕೋಪು, ಗೈರೋಸ್ಕೋಪನ್ನ ತಳ್ಳಿದ್ರೆ ತಳ್ಳಿದ ಜಾಗದಲ್ಲಿ ಅದು ಬಗ್ಗಲ್ಲ, ತಿರುಗೋ ದಿಕ್ಕಲ್ಲಿ ಕಾಲು ಸುತ್ತು ಮುಂದೆ ಹೋಗಿ ಬಗ್ಗುತ್ತೆ. ಇದನ್ನೇ ಪ್ರಿಸೆಷನ್ ಅನ್ನೋದು. ಬಾಯಿಪಾಠ ಮಾಡೋ ಬದಲು ಹೀಗೆ ಯೋಚಿಸಿ: ಮೇಲಿರೋ ತೋಳಿನ ಒಂದು ಚೂರಿಗೆ ಎಡಕ್ಕೆ ಏಟು ಬಿತ್ತು, ಅದಕ್ಕೆ ಎಡಮುಖವಾಗಿ ಸ್ವಲ್ಪ ವೇಗ ಸಿಕ್ತು, ಆದ್ರೆ ಅದು ಅಲ್ಲೇ ನಿಂತಿಲ್ಲ, ಗಿರಕಿ ಅದನ್ನ ಮುಂದಕ್ಕೆ ಕೊಂಡೊಯ್ತಿದೆ, ಹಾಗಾಗಿ ಎಡಕ್ಕೆ ಸರಿದಿರೋದು ಕಾಣೋ ಹೊತ್ತಿಗೆ ಆ ಚೂರು ಬೂಮರಾಂಗಿನ ಮುಂಭಾಗಕ್ಕೆ ಬಂದಿರುತ್ತೆ. ಅಂದ್ರೆ ಎಡಕ್ಕೆ ಹೋಗಿದ್ದು ತಲೆ ಅಲ್ಲ, ಮೂಗು. ಸೈಕಲ್ ಚಕ್ರ ಬಿಚ್ಚಿ ಅದರ ಅಚ್ಚನ್ನ ಎರಡೂ ಕೈಯಲ್ಲಿ ಹಿಡಿದು, ಮೇಲ್ಭಾಗ ನಿಮ್ಮಿಂದ ಆಚೆ ಹೋಗೋ ಹಾಗೆ ಜೋರಾಗಿ ತಿರುಗಿಸಿ, ಆಮೇಲೆ ಅದನ್ನ ಎಡಕ್ಕೆ ವಾಲಿಸೋಕೆ ನೋಡಿ, ವಾಲೋ ಬದ್ಲು ಎಡಕ್ಕೆ ತಿರುಗ್ಕೊಳ್ಳುತ್ತೆ. ಬೂಮರಾಂಗಿಗೂ ಅದೇ ಆಗೋದು. ಮೂಗು ಒಂದೇ ಸಮನೆ ಎಡಕ್ಕೆ ತಿರುಗ್ತಾ ಇರುತ್ತೆ, ಲಿಫ್ಟ್ ಕೂಡ ಇಡೀ ಬೂಮರಾಂಗನ್ನ ಎಡಕ್ಕೆ ಎಳೀತಾ ಇರುತ್ತೆ, ಎರಡೂ ಒಂದಕ್ಕೊಂದು ಹೊಂದ್ಕೊಂಡ್ರೆ ದಾರಿ ವೃತ್ತ ಆಗುತ್ತೆ.

ಈ ಹೊಂದಾಣಿಕೆ ಜಾಗದಲ್ಲೇ ಮಜಾ ಇರೋದು, ನಿಧಾನವಾಗಿ ಓದಿ. ಮುಂದಕ್ಕೆ ಹೋಗೋ ವೇಗ v, ಸುತ್ತೋ ವೇಗ u ಅಂದ್ಕೊಂಡ್ರೆ ಮೇಲೆ ಕೆಳಗಿನ ಲಿಫ್ಟಿನ ವ್ಯತ್ಯಾಸ:

```
(v + u)² − (v − u)² = 4vu
```

ಅಂದ್ರೆ ತಿರುಚೋ ಟಾರ್ಕ್ ಎರಡು ವೇಗಗಳ ಗುಣಲಬ್ಧದ ಮೇಲೆ ನಿಂತಿದೆ. ಪ್ರಿಸೆಷನ್ ಎಷ್ಟು ಬೇಗ ಆಗುತ್ತೆ ಅಂತ ತಿಳಿಯೋಕೆ ಟಾರ್ಕನ್ನ ಕೋನೀಯ ಸಂವೇಗದಿಂದ ಭಾಗಿಸಬೇಕು, ಆ ಸಂವೇಗದಲ್ಲೂ ಗಿರಕಿ ಕೂತಿದೆ, ಹಾಗಾಗಿ ಮೇಲೊಂದು ಕೆಳಗೊಂದು ಹೊಡೆದುಹೋಗುತ್ತೆ, ಉಳಿಯೋದು ಬರೀ v. ಬೂಮರಾಂಗ್ ಎರಡು ಪಟ್ಟು ವೇಗವಾಗಿ ಹೋದ್ರೆ ಮೂಗೂ ಎರಡು ಪಟ್ಟು ಬೇಗ ತಿರುಗುತ್ತೆ. ವೃತ್ತದ ತ್ರಿಜ್ಯ ಅಂದ್ರೆ ಹೋಗೋ ವೇಗ ಭಾಗಿಸು ತಿರುಗೋ ದರ, ಅಲ್ಲಿ v ಕೂಡ ಹೊಡೆದುಹೋಯ್ತು! ಜೋರಾಗಿ ಎಸೆದ್ರೂ ಮೆತ್ತಗೆ ಎಸೆದ್ರೂ ವೃತ್ತ ಅದೇ.

ಹಾಗಾದ್ರೆ ಏನು ಉಳೀತು? ತೋಳು ಎಲ್ಲಾ ಕಡೆ ಒಂದೇ ಅಗಲ, ಒಂದೇ ದಪ್ಪ ಅಂದ್ಕೊಂಡು ತುದಿವರೆಗೂ ಕೂಡಿಸ್ಕೊಂಡು ಬಂದ್ರೆ ಸಿಗೋದು ಇಷ್ಟೇ:

```
R = 2 σ t / (ρ C)
```

σ ಅಂದ್ರೆ ಮರದ ಸಾಂದ್ರತೆ, t ದಪ್ಪ, ρ ಗಾಳಿಯ ಸಾಂದ್ರತೆ, C ಲಿಫ್ಟಿನ ಗುಣಾಂಕ. ಪ್ಲೈವುಡ್ಡಿಗೆ 650 ಕೆಜಿ ಪ್ರತಿ ಘನ ಮೀಟರ್, ದಪ್ಪ 5 ಮಿಲಿಮೀಟರ್, ಗಾಳಿ 1.2, C ಗೆ 0.5 ಹಾಕಿ. ತ್ರಿಜ್ಯ ಸುಮಾರು 10.8 ಮೀಟರ್, ಅಂದ್ರೆ 22 ಮೀಟರಿನಷ್ಟು ದೂರ ಹೋಗಿ ತಿರುಗುತ್ತೆ. ಗಮನಿಸಿ, ತೋಳಿನ ಉದ್ದ ಅಗಲ ಎರಡೂ ಸೂತ್ರದಲ್ಲಿ ಇಲ್ಲವೇ ಇಲ್ಲ. ಈಗ ಅದೇ ಸೂತ್ರಕ್ಕೆ 0.4 ಮಿಲಿಮೀಟರ್ ದಪ್ಪದ ರಟ್ಟನ್ನ, ಸಾಂದ್ರತೆ 700 ಇಟ್ಟು ಹಾಕಿದ್ರೆ ತ್ರಿಜ್ಯ 1 ಮೀಟರಿಗಿಂತ ಸ್ವಲ್ಪ ಕಮ್ಮಿ. ರಟ್ಟಿನ ಮೂರು ಪಟ್ಟಿ ಸೇರಿಸಿ ಮಾಡಿದ ಬೂಮರಾಂಗ್ ರೂಮೊಳಗೇ ಸುತ್ತಿ ಕೈಗೆ ಬರೋದು ಇದಕ್ಕೇ. ದೂರ ಕಳಿಸಬೇಕು ಅಂದ್ರೆ ಬಲ ಹಾಕಬೇಡಿ, ತೋಳಿನ ತುದಿಗೆ ಟೇಪಲ್ಲಿ ಒಂದೊಂದು ನಾಣ್ಯ ಅಂಟಿಸಿ, ಪ್ರಿಸೆಷನ್ ನಿಧಾನ ಆಗಿ ವೃತ್ತ ಹಿಗ್ಗುತ್ತೆ.

ಒಂದು ಎಚ್ಚರಿಕೆ, ಇದು ಅಂದಾಜು ಲೆಕ್ಕ. ಕೆಳಗಿರೋ ತೋಳಲ್ಲಿ ನಡುಭಾಗದ ಹತ್ತಿರ ಗಾಳಿ ಹಿಂದಿನ ಅಂಚಿಂದ ಬಡಿಯುತ್ತೆ, ಅಲ್ಲಿ ರೆಕ್ಕೆ ಸರಿಯಾಗಿ ಕೆಲಸ ಮಾಡಲ್ಲ, ಸೂತ್ರ ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ. ಪೂರ್ತಿ ಲೆಕ್ಕ ಬೇಕಾದವರು ಫೀಲಿಕ್ಸ್ ಹೆಸ್ ಅವರ ಕೆಲಸ ನೋಡಬೇಕು, ನೆದರ್ಲ್ಯಾಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ 1975 ರಲ್ಲಿ ಬೂಮರಾಂಗ್ ಮೇಲೇ ಪಿಎಚ್‌ಡಿ ಮಾಡಿದವರು.

ಹಾಗಂತ ಗಿರಕಿ ಎಷ್ಟಿದ್ರೂ ನಡೆಯುತ್ತೆ ಅಂತಲ್ಲ. ಮೂಗು ತಿರುಗೋ ದರಕ್ಕೆ ತಕ್ಕಷ್ಟೇ ಲಿಫ್ಟ್ ಎಡಕ್ಕೆ ಎಳೀಬೇಕು, ಅದಕ್ಕೆ ತುದಿ ಸುತ್ತೋ ವೇಗ ಮುಂದಿನ ವೇಗದ ಸುಮಾರು 1.2 ಪಟ್ಟು ಇರಬೇಕು ಅಂತ ಇದೇ ಲೆಕ್ಕ ಹೇಳುತ್ತೆ. ಮೇಲೆ ನಾನು 20 ಕ್ಕೆ 24.5 ತಗೊಂಡಿದ್ದು ಸುಮ್ನೆ ಅಲ್ಲ. ಹೊಸಬರು ತೋಳಿನ ಬಲ ಎಲ್ಲಾ ಹಾಕಿ ಎಸೀತಾರೆ, ಮಣಿಕಟ್ಟು ಝಾಡಿಸೋದು ಮರೀತಾರೆ, ಆಗ ಬೂಮರಾಂಗ್ ಅರ್ಧ ಸುತ್ತು ಹಾಕಿ ದೂರದಲ್ಲೆಲ್ಲೋ ಬೀಳುತ್ತೆ.

15 ಡಿಗ್ರಿ ವಾಲಿಕೆ ಯಾಕೆ ಅನ್ನೋದೂ ಇದೇ ಅಂಕಿಗಳಿಂದ ಸಿಗುತ್ತೆ. 20 ಮೀಟರ್ ವೇಗದಲ್ಲಿ 10.8 ಮೀಟರಿನ ವೃತ್ತ ಸುತ್ತೋಕೆ ಬೇಕಾದ ಲಿಫ್ಟ್ ಬೂಮರಾಂಗಿನ ತೂಕದ 3.8 ಪಟ್ಟು. ಅದು 15 ಡಿಗ್ರಿ ವಾಲಿದ್ರೆ ಮೇಲ್ಮುಖವಾಗಿ ಸಿಗೋ ಪಾಲು ಹತ್ತಿರಹತ್ತಿರ ತೂಕದಷ್ಟೇ, ಎತ್ತರ ಕಾಪಾಡ್ಕೊಳ್ಳೋಕೆ ಅಷ್ಟು ಸಾಕು. ತಟ್ಟೆ ಥರ ಅಡ್ಡ ಎಸೆದ್ರೆ ಆ 3.8 ಪಟ್ಟೂ ಪೂರ್ತಿ ಮೇಲಕ್ಕೇ ಹೋಗುತ್ತೆ, ಅದು ನೇರ ಆಕಾಶಕ್ಕೆ ಏರಿ ಆಮೇಲೆ ಕಲ್ಲಿನ ಥರ ನೆಲಕ್ಕೆ ಬಡಿಯುತ್ತೆ. ನನ್ನ ಮೊದಲ ಬೂಮರಾಂಗ್ ಮುರಿದಿದ್ದು ಹಾಗೇ.

ಇನ್ನೊಂದು ಪ್ರಶ್ನೆ ಉಳೀತು. ನೆಟ್ಟಗೆ ಹೋಗಿದ್ದು ವಾಪಸ್ ಬರುವಾಗ ಮಲಗಿದ ಹಾಗೆ ತೇಲ್ತಾ ಬರುತ್ತಲ್ಲ, ಅದು ಯಾಕೆ? ಇದೂ ಪ್ರಿಸೆಷನ್ನೇ. ಮುಂದಿರೋ ತೋಳಿಗೆ ಕದಡದ ಗಾಳಿ ಸಿಗುತ್ತೆ, ಹಿಂದಿನದು ಆಗಲೇ ಕದಡಿರೋ ಗಾಳೀಲಿ ಹೋಗುತ್ತೆ, ಹಾಗಾಗಿ ಮುಂಭಾಗದಲ್ಲಿ ಲಿಫ್ಟ್ ಸ್ವಲ್ಪ ಜಾಸ್ತಿ. ಮುಂದೆ ಎಡಕ್ಕೆ ಬಿದ್ದ ಏಟು ಕಾಲು ಸುತ್ತು ಆದ್ಮೇಲೆ ಕಾಣೋದು ಕೆಳಭಾಗದಲ್ಲಿ, ಕೆಳಭಾಗ ಎಡಕ್ಕೆ ಸರಿದ್ರೆ ಮೇಲ್ಭಾಗ ಬಲಕ್ಕೆ, ಅಂದ್ರೆ ಉಬ್ಬಿದ ಮುಖ ನಿಧಾನಕ್ಕೆ ಆಕಾಶ ನೋಡೋಕೆ ಶುರು ಮಾಡುತ್ತೆ. ಅಷ್ಟರಲ್ಲಿ ಗಾಳಿಯ ತಡೆಗೆ ಮುಂದಿನ ವೇಗ ಕರಗಿರುತ್ತೆ, ಗಿರಕಿ ಮಾತ್ರ ಅಷ್ಟು ಬೇಗ ಕರಗಲ್ಲ. ವೇಗ 5 ಕ್ಕೆ ಇಳಿದು ತುದಿ ಇನ್ನೂ 20 ರಲ್ಲಿ ಸುತ್ತುತ್ತಿದ್ರೆ ಲಿಫ್ಟ್ ತೂಕದ ಸುಮಾರು 1.4 ಪಟ್ಟು ಇರುತ್ತೆ, ಅದಕ್ಕೇ ಕೊನೇಲಿ ಹೆಲಿಕಾಪ್ಟರ್ ಥರ ನಿಂತ್ಕೊಂಡು ಇಳಿಯೋದು. ಎರಡೂ ಅಂಗೈ ಮಧ್ಯೆ ಚಪ್ಪಾಳೆ ಹೊಡೆದ ಹಾಗೆ ಹಿಡೀಬಹುದು. ಮಲಗದೇ ನೆಟ್ಟಗೇ ವಾಪಸ್ ಬಂದ್ರೆ ಹಿಡಿಯೋಕೆ ಹೋಗಬೇಡಿ, ಬೆರಳಿಗೆ ಏಟು ಗ್ಯಾರಂಟಿ.

ಇಷ್ಟರಲ್ಲಿ ಗುರುತ್ವದ ಕೆಲಸ ಏನು? ವಾಪಸ್ ತರೋದರಲ್ಲಿ ಏನೂ ಇಲ್ಲ. 2008 ರಲ್ಲಿ ಜಪಾನಿನ ಗಗನಯಾತ್ರಿ ತಕಾವೊ ದೋಯಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದೊಳಗೆ ಕಾಗದದ ಬೂಮರಾಂಗ್ ಎಸೆದು ನೋಡಿದ್ರು, ತೂಕವೇ ಇಲ್ಲದ ಆ ಜಾಗದಲ್ಲೂ ಅದು ಸುತ್ತಿ ವಾಪಸ್ ಬಂತು. ನಿಲ್ದಾಣದೊಳಗೆ ಗಾಳಿ ಇದೆಯಲ್ಲ, ಅದಕ್ಕೆ ಅಷ್ಟು ಸಾಕು. ಸೂತ್ರದಲ್ಲಿ g ಎಲ್ಲೂ ಇಲ್ಲ ಅನ್ನೋದನ್ನ ಇನ್ನೊಂದ್ಸಲ ನೋಡ್ಕೊಳ್ಳಿ.

ಎಡಗೈಯವರಿಗೆ ಇದೇ ಬೂಮರಾಂಗ್ ಆಗಲ್ಲ, ಅಂಚಿನ ಉಬ್ಬು ಕನ್ನಡೀಲಿ ಕಂಡ ಹಾಗೆ ಅದಲುಬದಲಾಗಿ ಕೆತ್ತಿರೋದು ಬೇಕು, ಅದು ಬಲಕ್ಕೆ ತಿರುಗಿ ಬರುತ್ತೆ. ಮರದ್ದಾದ್ರೆ ಬೇರೇನೇ ತಗೋಬೇಕು, ರಟ್ಟಿನದ್ದಾದ್ರೆ ಪಟ್ಟಿಗಳನ್ನ ಕನ್ನಡಿ ಲೆಕ್ಕದಲ್ಲಿ ಮಡಚಿದ್ರೆ ಆಯ್ತು.