ಫೋನಿಗೆ ಸಿಗುವ ವೈಫೈ ವೇಗ ಲ್ಯಾಪ್‌ಟಾಪ್‌ಗೆ ಏಕೆ ಸಿಗುವುದಿಲ್ಲ?

ಒಂದೇ ಮೇಜಿನ ಮೇಲಿರುವ ಫೋನು ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈಗೆ ಸೇರಿವೆ. ಫೋನಿನಲ್ಲಿ ವೇಗ 90 ಎಂಬಿಪಿಎಸ್ ದಾಟುತ್ತದೆ, ಲ್ಯಾಪ್‌ಟಾಪ್‌ನಲ್ಲಿ 5 ಮುಟ್ಟುವುದೂ ಕಷ್ಟ. ಹೀಗಿದ್ದಾಗ ಇಂಟರ್ನೆಟ್ ಸಂಪರ್ಕವನ್ನು ದೂರುವಂತಿಲ್ಲ, ಅದು ಸರಿಯಾಗಿದೆ ಎಂಬುದಕ್ಕೆ ಫೋನೇ ಸಾಕ್ಷಿ. ದೋಷವಿರುವುದು ಲ್ಯಾಪ್‌ಟಾಪ್‌ಗೂ ರೌಟರ್‌ಗೂ ನಡುವಿನ ಕೆಲವೇ ಮೀಟರುಗಳ ರೇಡಿಯೊ ಮಾತುಕತೆಯಲ್ಲಿ. ಅದನ್ನು ಕೆಡಿಸುವ ಕಾರಣಗಳಲ್ಲಿ ಎರಡು ಮುಖ್ಯವಾದವು: ವೈಫೈ ಕಾರ್ಡು ವಿದ್ಯುತ್ ಉಳಿಸಲು ಆಗಾಗ ನಿದ್ರಿಸುವುದು ಮತ್ತು ಅಕ್ಕಪಕ್ಕದ ರೌಟರ್‌ಗಳ ಚಾನೆಲ್‌ಗಳು, ಅಂದರೆ ಅವು ಮಾತನಾಡುವ ರೇಡಿಯೊ ತರಂಗಾಂತರದ ತುಂಡುಗಳು, ಒಂದರ ಮೇಲೊಂದು ಬೀಳುವುದು. ಎರಡರ ಫಲವೂ ಬಳಕೆದಾರರಿಗೆ ಒಂದೇ ಬಗೆಯ ನಿಧಾನವಾಗಿ ಕಾಣುತ್ತದೆ. ಆದ್ದರಿಂದ ಪರಿಹಾರ ಹುಡುಕುವ ಮೊದಲು ಅವನ್ನು ಬೇರ್ಪಡಿಸಿ ಗುರುತಿಸಬೇಕು.

ಮೊದಲು ನಿದ್ರೆಯ ವಿಷಯ. ಕಳಿಸುವುದಾಗಲಿ ಪಡೆಯುವುದಾಗಲಿ ಏನೂ ಇಲ್ಲದಿರುವಾಗಲೂ ರೇಡಿಯೊ ಕಿವಿ ತೆರೆದುಕೊಂಡಿದ್ದರೆ ಬ್ಯಾಟರಿ ಖರ್ಚಾಗುತ್ತದೆ. ಅದಕ್ಕಾಗಿ ವೈಫೈ ನಿಯಮಾವಳಿಯಲ್ಲೇ ಒಂದು ಏರ್ಪಾಡಿದೆ. ಮಾಹಿತಿ ಓಡಾಡುವುದು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಕಂತೆಗಳಲ್ಲಿ. ಕಾರ್ಡು ತಾನು ಕಳಿಸುವ ಪ್ಯಾಕೆಟ್‌ನಲ್ಲಿ ಒಂದು ಬಿಟ್ ಅನ್ನು ಬದಲಿಸಿ, ಇನ್ನು ಸ್ವಲ್ಪ ಹೊತ್ತು ತಾನು ಕೇಳಿಸಿಕೊಳ್ಳುವುದಿಲ್ಲ ಎಂದು ರೌಟರ್‌ಗೆ ತಿಳಿಸುತ್ತದೆ. ಆಗ ಅದಕ್ಕಾಗಿ ಬಂದ ಪ್ಯಾಕೆಟ್‌ಗಳನ್ನೆಲ್ಲ ರೌಟರ್ ತನ್ನಲ್ಲೇ ಹಿಡಿದಿಡುತ್ತದೆ. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ರೌಟರ್ ಬೀಕನ್ ಎಂಬ ಪ್ರಕಟಣೆಯನ್ನು ಹೊರಡಿಸುತ್ತದೆ. ಯಾರಿಗೆ ಪ್ಯಾಕೆಟ್ ಕಾದಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ನಿದ್ರೆಯಲ್ಲಿರುವ ಕಾರ್ಡು ಬೀಕನ್ನಿನ ಹೊತ್ತಿಗೆ ಎದ್ದು ಪಟ್ಟಿಯನ್ನು ನೋಡಿ, ತನ್ನ ಹೆಸರಿದ್ದರೆ ಪ್ಯಾಕೆಟ್‌ಗಳನ್ನು ಕೇಳಿ ಪಡೆಯುತ್ತದೆ.

ಫೋನು ಕೂಡ ಇದನ್ನೇ ಮಾಡುತ್ತದೆ ಎಂಬುದನ್ನು ಮರೆಯಬಾರದು. ಅದರ ಬ್ಯಾಟರಿ ಇನ್ನೂ ಚಿಕ್ಕದು. ವ್ಯತ್ಯಾಸವಿರುವುದು ಯಾವಾಗ ನಿದ್ರಿಸಬೇಕು ಎಂಬ ವಿವೇಚನೆಯಲ್ಲಿ, ಆ ವಿವೇಚನೆ ಇರುವುದು ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮತ್ತು ಕಾರ್ಡಿನ ಒಳಗೇ ಇರುವ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ. ಒಳ್ಳೆಯ ಡ್ರೈವರ್ ಒಂದು ಕೋರಿಕೆಯನ್ನು ಕಳಿಸಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ಕಾಲ ಎಚ್ಚರವಾಗಿಯೇ ಇರುತ್ತದೆ. ಆತುರದ ಡ್ರೈವರ್ ಕಳಿಸಿದ ಕೂಡಲೇ ಮಲಗಿಬಿಡುತ್ತದೆ, ಮೂರೇ ಮಿಲಿಸೆಕೆಂಡಿನಲ್ಲಿ ಬಂದ ಉತ್ತರ ಮುಂದಿನ ಬೀಕನ್ನಿನವರೆಗೆ ರೌಟರ್‌ನಲ್ಲೇ ಉಳಿಯುತ್ತದೆ. ಒಂದು ವೆಬ್ ಪುಟ ತೆರೆಯಲು ಇಂತಹ ಹತ್ತಾರು ಕೋರಿಕೆಗಳು ಬೇಕು, ಅವುಗಳಲ್ಲಿ ಹಲವು ಹಿಂದಿನದರ ಉತ್ತರ ಬಂದ ಮೇಲೆಯೇ ಹೊರಡುವಂಥವು. ಪ್ರತಿಯೊಂದಕ್ಕೂ ಹತ್ತಿರ ಹತ್ತಿರ 100 ಮಿಲಿಸೆಕೆಂಡು ಸೇರಿಕೊಂಡರೆ ಪುಟ ತೆವಳುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಕಣ್ಣಾರೆ ನೋಡುವ ಸುಲಭ ದಾರಿಯೆಂದರೆ ರೌಟರ್‌ಗೇ ಪಿಂಗ್ ಕಳಿಸುವುದು, ಅಂದರೆ ಒಂದು ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಸಮಯವನ್ನು ಅಳೆಯುವುದು. ವಿಂಡೋಸ್‌ನಲ್ಲಿ `ipconfig` ತೋರಿಸುವ `Default Gateway` ವಿಳಾಸವೇ ರೌಟರ್‌ನದು. ಅದು 192.168.1.1 ಆಗಿದ್ದರೆ:

```
netsh wlan show interfaces
ping -n 50 192.168.1.1
```

ನಮ್ಮ ಉದಾಹರಣೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲ ಆದೇಶವು ಚಾನೆಲ್ 3 ಎಂದೂ, ಸಿಗ್ನಲ್ ಶೇಕಡಾ 80 ಎಂದೂ ತೋರಿಸಿತು ಎಂದುಕೊಳ್ಳೋಣ. ಸಿಗ್ನಲ್ ಚೆನ್ನಾಗಿದೆ, ಆದರೂ ಪಿಂಗ್‌ನ ಸಮಯಗಳು 3, 88, 41, 102, 67, 15, 96 ಮಿಲಿಸೆಕೆಂಡು ಎಂದು 3ರಿಂದ 102ರ ನಡುವೆ ಎಲ್ಲೆಡೆ ಹರಡಿವೆ. ಕಳೆದುಹೋದ ಪ್ಯಾಕೆಟ್‌ಗಳು ಮಾತ್ರ ಒಂದೆರಡು. ಬೀಕನ್ನಿನ ಅವಧಿಯೊಳಗೆ ಹೀಗೆ ಹರಡಿಕೊಳ್ಳುವುದು ನಿದ್ರೆಯ ಗುರುತು. ಲ್ಯಾಪ್‌ಟಾಪನ್ನು ರೌಟರ್‌ನಿಂದ ಒಂದು ಮೀಟರ್ ದೂರಕ್ಕೆ ಒಯ್ದರೂ ಈ ಸಂಖ್ಯೆಗಳು ಹಾಗೆಯೇ ಉಳಿದರೆ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ನಿದ್ರೆಗೂ ಸಿಗ್ನಲ್‌ನ ಬಲಕ್ಕೂ ಸಂಬಂಧವಿಲ್ಲ.

ವಿಂಡೋಸ್‌ನ `Power Options` ಒಳಗೆ `Wireless Adapter Settings` ಕಾಣಿಸಿದರೆ, ಅದರ `Power Saving Mode` ಅನ್ನು `Maximum Performance` ಮಾಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿರುವ, ವಿದ್ಯುತ್ ಉಳಿಸಲು ಸಾಧನವನ್ನೇ ಆರಿಸಲು ಅನುಮತಿ ಕೊಡುವ ಆಯ್ಕೆ ಬೇರೆಯದು. ಹಲವರು ಅದನ್ನು ಮಾತ್ರ ತೆಗೆದು, ಏನೂ ಪ್ರಯೋಜನವಾಗಲಿಲ್ಲ ಎಂದು ಕೈಬಿಡುತ್ತಾರೆ. ಅದು ಇಡೀ ಕಾರ್ಡನ್ನು ಆರಿಸುವ ಮಾತು, ಇಲ್ಲಿ ತೊಂದರೆ ಕೊಡುತ್ತಿರುವುದು ಮಿಲಿಸೆಕೆಂಡುಗಳ ನಿದ್ರೆ. ಲಿನಕ್ಸ್‌ನಲ್ಲಿ ಪರೀಕ್ಷೆ ಇನ್ನೂ ನೇರ:

```
iw dev wlan0 get power_save
sudo iw dev wlan0 set power_save off
```

ಇಲ್ಲಿ `wlan0` ಇರುವ ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು ಬರಬೇಕು. ಯಂತ್ರವನ್ನು ಮರಳಿ ಆರಂಭಿಸಿದಾಗ ಈ ಬದಲಾವಣೆ ಅಳಿಸಿಹೋಗುವುದರಿಂದ ಪ್ರಯೋಗಕ್ಕೆ ಇದೇ ಒಳ್ಳೆಯದು.

ನಿದ್ರೆಯನ್ನು ನಿಲ್ಲಿಸಿದ ಮೇಲೆ ನಮ್ಮ ಲ್ಯಾಪ್‌ಟಾಪ್‌ನ ಪಿಂಗ್ ಬಹುಪಾಲು 2ರಿಂದ 5 ಮಿಲಿಸೆಕೆಂಡಿಗೆ ಇಳಿಯಿತು, ಪುಟಗಳು ಚುರುಕಾಗಿ ತೆರೆದುಕೊಂಡವು. ಆದರೆ ದೊಡ್ಡ ಕಡತ ಇಳಿಸುವಾಗ ವೇಗ 15 ಎಂಬಿಪಿಎಸ್ ದಾಟಲಿಲ್ಲ, ಪಿಂಗ್‌ನ ನಡುನಡುವೆ ಇದ್ದಕ್ಕಿದ್ದಂತೆ ಒಂದು 180, ಆಮೇಲೊಂದು `Request timed out` ಬರುತ್ತಲೇ ಇದ್ದವು. ಬಹುತೇಕ ಸಮಯ ಚೆನ್ನಾಗಿದ್ದು ಆಗಾಗ ಎಡವುವ ಈ ಚಹರೆ ಗಾಳಿಯಲ್ಲಿನ ಘರ್ಷಣೆಯದು, ಚಾನೆಲ್ 3 ಎಂಬ ಮಾಹಿತಿಗೆ ಬೆಲೆ ಬರುವುದೂ ಇಲ್ಲೇ.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಪ್ರತಿಯೊಂದು ಪ್ರಸಾರಕ್ಕೂ ಸುಮಾರು 20 ಮೆಗಾಹರ್ಟ್ಸ್ ಅಗಲ ಬೇಕು. ಚಾನೆಲ್ 3 ಹರಡಿಕೊಳ್ಳುವುದು 2412ರಿಂದ 2432 ಮೆಗಾಹರ್ಟ್ಸ್‌ವರೆಗೆ. ಚಾನೆಲ್ 1ರ ಮೇಲರ್ಧವೂ ಚಾನೆಲ್ 6ರ ಕೆಳಅಂಚೂ ಇದರೊಳಗೇ ಬೀಳುತ್ತವೆ. ಎರಡು ರೌಟರ್‌ಗಳು ಒಂದೇ ಚಾನೆಲ್‌ನಲ್ಲಿದ್ದರೆ ಅವು ಪರಸ್ಪರರ ಮಾತನ್ನು ಅರ್ಥಮಾಡಿಕೊಂಡು ಸರದಿಯಂತೆ ಕಾಯುತ್ತವೆ. ಅರ್ಧ ಮಾತ್ರ ಹೊಂದಿಕೊಂಡಾಗ ನೆರೆಯ ಪ್ರಸಾರ ಅರ್ಥವಾಗದ ಗದ್ದಲವಾಗಿಬಿಡುತ್ತದೆ. ಗದ್ದಲಕ್ಕಾಗಿ ಕಾಯಬೇಕಾದರೆ ಅದು ಅರ್ಥವಾಗುವ ಪ್ರಸಾರಕ್ಕಿಂತ ಸುಮಾರು ನೂರು ಪಟ್ಟು ಬಲವಾಗಿರಬೇಕು. ಹಾಗಾಗಿ ರೌಟರ್ ಕಾಯದೆ ಮಾತನಾಡುತ್ತದೆ, ಪ್ಯಾಕೆಟ್ ಕೆಡುತ್ತದೆ, ಮತ್ತೆ ಕಳಿಸಬೇಕಾಗುತ್ತದೆ. ಖಾಲಿ ಇರುವಂತೆ ಕಾಣುವ ನಡುವಿನ ಚಾನೆಲ್‌ಗಿಂತ, ಜನ ತುಂಬಿದ 1, 6 ಅಥವಾ 11 ಎಷ್ಟೋ ಸಲ ಮೇಲು ಎನ್ನುವುದು ಇದೇ ಕಾರಣಕ್ಕೆ.

ಕೆಟ್ಟ ಪ್ಯಾಕೆಟ್‌ಗಳಿಂದ ಇನ್ನೊಂದು ಹಾನಿಯಿದೆ, ನನ್ನ ಪ್ರಕಾರ ಅದೇ ಹೆಚ್ಚಿನದು. ನಷ್ಟ ಕಂಡ ರೇಡಿಯೊ ಅದನ್ನು ದುರ್ಬಲ ಸಿಗ್ನಲ್ ಎಂದು ಭಾವಿಸಿ, ಕಳಿಸುವ ದರವನ್ನು ಇಳಿಸುತ್ತದೆ. 1500 ಬೈಟ್‌ಗಳ ಒಂದು ಪ್ಯಾಕೆಟ್ 72 ಎಂಬಿಪಿಎಸ್ ದರದಲ್ಲಿ ಗಾಳಿಯಲ್ಲಿರುವುದು ಸುಮಾರು 0.17 ಮಿಲಿಸೆಕೆಂಡು. ದರ 6.5ಕ್ಕೆ ಇಳಿದರೆ ಅದೇ ಪ್ಯಾಕೆಟ್ 1.8 ಮಿಲಿಸೆಕೆಂಡು ಗಾಳಿಯಲ್ಲಿರುತ್ತದೆ. ಹನ್ನೊಂದು ಪಟ್ಟು ಹೆಚ್ಚು ಹೊತ್ತು ಗಾಳಿಯಲ್ಲಿದ್ದರೆ ನೆರೆಯ ಪ್ರಸಾರಕ್ಕೆ ಸಿಕ್ಕಿಬೀಳುವ ಸಂಭವವೂ ಹೆಚ್ಚು, ಅದರಿಂದ ದರ ಕೆಳಗೇ ಉಳಿಯುತ್ತದೆ.

ಈ ಗದ್ದಲ ಫೋನಿಗೆ ತಟ್ಟದಿರುವುದಕ್ಕೆ ಕಾರಣ ಬಹಳ ಸಲ ಸರಳವಾಗಿರುತ್ತದೆ: ಫೋನು ಅದೇ ಹೆಸರಿನ ವೈಫೈನ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿರುತ್ತದೆ. ಲ್ಯಾಪ್‌ಟಾಪ್‌ನ ಕಾರ್ಡಿಗೂ 5 ಗಿಗಾಹರ್ಟ್ಸ್ ಸಾಮರ್ಥ್ಯವಿದ್ದರೆ, ರೌಟರ್‌ನಲ್ಲಿ ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರು ಕೊಟ್ಟು ಅದನ್ನು ಅಲ್ಲಿಗೆ ಸೇರಿಸುವುದು ಒಳ್ಳೆಯ ಪರಿಹಾರ. ವಿಂಡೋಸ್‌ನಲ್ಲಿ `netsh wlan show drivers` ಎಂದು ಕೊಟ್ಟಾಗ ಬರುವ `Radio types supported` ಸಾಲಿನಲ್ಲಿ 802.11a ಅಥವಾ 802.11ac ಇದ್ದರೆ ಆ ಸಾಮರ್ಥ್ಯವಿದೆ ಎಂದರ್ಥ. 802.11b, g, n ಮಾತ್ರ ಇದ್ದರೆ ಬಹುಮಟ್ಟಿಗೆ ಇಲ್ಲ. ನಮ್ಮ ಲ್ಯಾಪ್‌ಟಾಪ್ ಈ ಎರಡನೆಯ ಗುಂಪಿನದು. ಅದಕ್ಕಾಗಿ ರೌಟರ್‌ನ ಚಾನೆಲನ್ನು 3ರಿಂದ 11ಕ್ಕೆ ಬದಲಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದಾಗ ವೇಗ 40ಕ್ಕೆ ಏರಿತು. ಒಂದೇ ಆಂಟೆನಾದ, 72 ಎಂಬಿಪಿಎಸ್ ದರದ ಕಾರ್ಡಿನಿಂದ ಅದಕ್ಕಿಂತ ಬಹಳ ಹೆಚ್ಚು ನಿರೀಕ್ಷಿಸುವಂತಿಲ್ಲ.

ನಿದ್ರೆಯನ್ನು ಶಾಶ್ವತವಾಗಿ ನಿಲ್ಲಿಸಿಡಬೇಕೆಂದಿಲ್ಲ. ವಿಂಡೋಸ್‌ನಲ್ಲಿ ಬ್ಯಾಟರಿಗೂ ಚಾರ್ಜಿಗೂ ಬೇರೆ ಬೇರೆ ಆಯ್ಕೆಗಳಿವೆ, ಚಾರ್ಜಿನಲ್ಲಿರುವಾಗ ಮಾತ್ರ ನಿಲ್ಲಿಸಬಹುದು. ತಯಾರಕರ ಹೊಸ ಡ್ರೈವರ್ ಹಾಕಿ, ವಿದ್ಯುತ್ ಉಳಿತಾಯವನ್ನು ಮತ್ತೆ ಚಾಲೂ ಮಾಡಿ, ಅದೇ ಐವತ್ತು ಪಿಂಗ್‌ಗಳನ್ನು ಮತ್ತೊಮ್ಮೆ ಕಳಿಸಿ ನೋಡಬೇಕು. ಸಮಯಗಳು ಒಂದಂಕಿಯಲ್ಲೇ ನಿಂತರೆ ಉಳಿತಾಯವನ್ನು ಹಾಗೆಯೇ ಬಿಡಬಹುದು.