ಮೆಣಸಿನಕಾಯಿ ದುಡ್ಡು ಬಂತು, ಫಾರ್ಮ್‌ನಲ್ಲಿ ಯಾವ ಕೋಡ್ ಬರೀಬೇಕು?

ಬ್ಯಾಡಗಿಯ ಒಂದು ಕುಟುಂಬದ ವ್ಯಾಪಾರ ಅಂದುಕೊಳ್ಳಿ. ದುಬೈನಲ್ಲಿರುವ ಅಳಿಯನ ಅಂಗಡಿಗೆ 10,000 ಡಾಲರಿನ ಒಣಮೆಣಸಿನಕಾಯಿ ಕಳಿಸಬೇಕು. 3,000 ಮುಂಗಡ ಬರುತ್ತದೆ, ಉಳಿದ 7,000 ಮಾಲು ತಲುಪಿದ ಮೇಲೆ. ಮುಂಗಡ ಬಂದ ಕೂಡಲೇ ಬ್ಯಾಂಕು ಇಂಗ್ಲಿಷ್ ಫಾರ್ಮ್ ಕಳಿಸಿ ಪರ್ಪಸ್ ಕೋಡ್ ಕೇಳುತ್ತದೆ.

ಕೋಡ್ ಅಂದರೆ ಈ ದುಡ್ಡು ಯಾವುದರ ಬಾಬ್ತು ಎಂದು ರಿಸರ್ವ್ ಬ್ಯಾಂಕಿಗೆ ಹೇಳುವ ಗುರುತು. P ಇದ್ದರೆ ಒಳಗೆ ಬರುವ ದುಡ್ಡು, S ಇದ್ದರೆ ಹೊರಗೆ ಹೋಗುವ ದುಡ್ಡು. ನಮ್ಮ ಮುಂಗಡಕ್ಕೆ P0103. ಬಾಕಿ 7,000ಕ್ಕೆ, ಬಿಲ್ಲನ್ನು ಬ್ಯಾಂಕು ಕಲೆಕ್ಷನ್‌ಗೆ ಕಳಿಸಿ ವಸೂಲಿ ಮಾಡಿದ್ದರೆ, P0102. ಬ್ಯಾಂಕು ಅದೇ ಬಿಲ್ಲಿನ ಮೇಲೆ ಮೊದಲೇ ನಿಮಗೆ ದುಡ್ಡು ಕೊಟ್ಟಿದ್ದರೆ ಮಾತ್ರ P0101.

ಎಡವುವುದು ಬೇರೆ ಕಡೆ. ಕಳಿಸಿದವ ಅಳಿಯ, ಹಾಗಾಗಿ P1301 ಸರಿ ಅನ್ನಿಸಿಬಿಡುತ್ತದೆ. ಅದು ಅನಿವಾಸಿ ಭಾರತೀಯರು ಮನೆ ಖರ್ಚಿಗೆ, ಉಳಿತಾಯಕ್ಕೆ ಕಳಿಸುವ ದುಡ್ಡಿನ ಕೋಡ್. ಸಂಬಂಧ ಯಾವುದೇ ಇರಲಿ, ನೋಡಬೇಕಾದ್ದು ದುಡ್ಡು ಯಾಕೆ ಬಂತು ಅನ್ನುವುದನ್ನು. P1301 ಹಾಕಿದರೆ ದುಡ್ಡು ಖಾತೆಗೆ ಜಮಾ ಆಗಬಹುದು. ಆದರೆ ಮಾಲು ಹೊರಟಾಗ ಕಸ್ಟಮ್ಸ್‌ನಿಂದ ಶಿಪ್ಪಿಂಗ್ ಬಿಲ್, ಅಂದರೆ ಮಾಲು ರಫ್ತಾದ ದಾಖಲೆ, ರಫ್ತಿನ ದುಡ್ಡಿನ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ EDPMS ವ್ಯವಸ್ಥೆಗೆ ಹೋಗುತ್ತದೆ. ಅಲ್ಲಿ ಈ 3,000 ಆ ಬಿಲ್ಲಿಗೆ ಜೋಡಣೆಯಾಗುವುದಿಲ್ಲ. ಮಾಲಿನ ದುಡ್ಡು ಬಂದೇ ಇಲ್ಲ ಅನ್ನುವ ಹಾಗೆ ಬಿಲ್ ಬಾಕಿ ನಿಲ್ಲುತ್ತದೆ. "ಬಿಲ್ ಓಪನ್ ಇದೆ" ಎಂದು ಬ್ಯಾಂಕಿನಿಂದ ಪತ್ರ ಬಂದರೆ ಮೊದಲು ನೋಡಬೇಕಾದ್ದು ಕೋಡನ್ನೇ. ತಪ್ಪಿದ್ದರೆ ಇನ್‌ವಾಯ್ಸ್, ಆರ್ಡರ್ ಪ್ರತಿ ಲಗತ್ತಿಸಿ ತಿದ್ದುಪಡಿಗೆ ಬರೆದುಕೊಡಿ.

ಇನ್ನು ಕೆಳಗಿನ ಡಿಕ್ಲರೇಶನ್. ಸಣ್ಣ ಅಕ್ಷರ, ಉದ್ದ ಉದ್ದ ವಾಕ್ಯ. ಸಾಮಾನ್ಯವಾಗಿ ಸಾರಾಂಶ ಇಷ್ಟೇ: ಕಾರಣ ನಿಜ, ಈ ವ್ಯವಹಾರ ವಿದೇಶಿ ವಿನಿಮಯದ ಫೆಮಾ ಕಾಯ್ದೆಯನ್ನು ತಪ್ಪಿಸುವುದಕ್ಕಲ್ಲ, ಮುಂಗಡಕ್ಕೆ ಮಾಲು ಕಳಿಸಿ ದಾಖಲೆ ಕೊಡುತ್ತೇವೆ. ಇದು ಬ್ಯಾಂಕಿನವರ ಸುಮ್ನೆ ಕಿರಿಕಿರಿ ಅಲ್ಲ. ಫೆಮಾ 1999ರ 10(5)ನೇ ಕಲಂ ಪ್ರಕಾರ ಅವರು ಇಂಥ ಘೋಷಣೆ ಕೇಳಲೇಬೇಕು, ಕೊಡದಿದ್ದರೆ ವ್ಯವಹಾರ ಬೇಡವೆಂದು ಲಿಖಿತವಾಗಿ ಹೇಳಬೇಕು. ಸಹಿ ಮಾಡುವ ಅಪ್ಪಾಜಿಗೆ ಮೂರನೆಯ ಮಾತನ್ನು ಬಿಡಿಸಿ ಹೇಳಿ: ಮುಂಗಡ ತಗೊಂಡು ಮಾಲು ಕಳಿಸದಿದ್ದರೆ ಲೆಕ್ಕ ಕೇಳುವುದು ಅವರನ್ನೇ. ಮಾಲು ಕಳಿಸಬೇಕಾದ ಗಡುವು ಬದಲಾಗುತ್ತಿರುತ್ತದೆ, ಸಹಿ ಹಾಕುವ ದಿನ ಯಾವುದು ಚಾಲ್ತಿಯಲ್ಲಿದೆ ಎಂದು ಬ್ಯಾಂಕಿನಲ್ಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. 7,000ದಲ್ಲಿ 6,975 ಮಾತ್ರ ಬಂದರೆ, ದಾರಿಯಲ್ಲಿನ ವಿದೇಶಿ ಬ್ಯಾಂಕು 25 ಡಾಲರ್ ಚಾರ್ಜ್ ಹಿಡಿದಿರಬಹುದು. ಇನ್‌ವಾಯ್ಸ್ ಮೊತ್ತ ತಿದ್ದಬೇಡಿ. ಕಡಿತ ವಿದೇಶಿ ಬ್ಯಾಂಕಿನದು ಎಂದು ಪತ್ರ ಕೊಡಿ, ಇಲ್ಲದಿದ್ದರೆ ಆ 25 ಡಾಲರಿಗೇ ಬಿಲ್ ಬಾಕಿ ಕಾಣುತ್ತದೆ.